ಮಗುವಿಗೆ ನಿದ್ದೆ ಸಾಲುತ್ತಿದೆ, ಸಾಲದಿರುವುದು ಉಮ್ಮನಿಗೆ

ಉಪ್ಪಳದ ಕಡೆ ನನ್ನ ಸಂಬಂಧಿಯೊಬ್ಬಳಿದ್ದಾಳೆ. ಮಗುವಿಗೆ ಹದಿನೇಳು ತಿಂಗಳು, ಗಂಡ ದುಬೈಯಲ್ಲಿ. ಕಳೆದ ತಿಂಗಳು ಒಂದು ಮದುವೆಮನೆಯಲ್ಲಿ ಸಿಕ್ಕಿದಾಗ ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೇಳಿದ್ದಕ್ಕೆ, "ರಾತ್ರಿ ನಾಲ್ಕು ಸಲ ಏಳ್ತಾಳೆ, ಪ್ರತಿ ಸಲವೂ ಹಾಲು ಬೇಕು" ಎಂದಳು. ಪಕ್ಕದಲ್ಲಿ ಕೂತಿದ್ದವರಿಂದ ಕೂಡಲೇ ಮೂರು ತೀರ್ಪು ಬಂದವು. ನಿನ್ನ ಹಾಲು ಸಾಲುವುದಿಲ್ಲ. ಕಣ್ಣು ಬಿದ್ದಿದೆ, ಓದಿಸು. ನೀನೇ ಎತ್ತಿ ಎತ್ತಿ ಅಭ್ಯಾಸ ಮಾಡಿಸಿದ್ದು. ಅವಳು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ.

ಮರುವಾರ ಅವಳ ಮನೆಗೆ ಹೋದೆ. ಅವಳು ಮೂರು ದಿನ ಮಗು ಮಲಗಿದ, ಎದ್ದ ಹೊತ್ತನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. ಇಬ್ಬರೂ ಕೂತು ಕೂಡಿಸಿದೆವು. ರಾತ್ರಿ ಹತ್ತೂವರೆಗೆ ಮಲಗುತ್ತದೆ, ಬೆಳಿಗ್ಗೆ ಎಂಟಕ್ಕೆ ಏಳುತ್ತದೆ. ನಡುವೆ ಎಚ್ಚರಿದ್ದ ಹೊತ್ತೆಲ್ಲ ಸೇರಿ ಮುಕ್ಕಾಲು ಗಂಟೆ. ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಒಂದು ಗಂಟೆ, ಸಂಜೆ ಐದರಿಂದ ಆರೂವರೆ ತನಕ ಒಂದೂವರೆ ಗಂಟೆ. ಒಟ್ಟು ಹನ್ನೊಂದೂಕಾಲು ಗಂಟೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲೂ ರಾತ್ರಿಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಅಂದರೆ ಮಗುವಿಗೆ ಕೊರತೆಯೇನೂ ಇಲ್ಲ. ಆಟವಾಡುತ್ತದೆ, ಉಣ್ಣುತ್ತದೆ, ತೂಕ ಏರುತ್ತಿದೆ. ನಿದ್ದೆ ತುಂಡಾಗುತ್ತಿರುವುದು ಉಮ್ಮನದು ಮಾತ್ರ. ಲೆಕ್ಕ ನೋಡಿ ಅವಳು ಒಂದು ಗಳಿಗೆ ಸುಮ್ಮನಿದ್ದಳು. ಮಗುವಿನ ಆರೋಗ್ಯ ನನ್ನಿಂದ ಹಾಳಾಗುತ್ತಿದೆ ಎಂದೇ ಅವಳು ಅಷ್ಟು ದಿನ ಅಂದುಕೊಂಡಿದ್ದಳು.

ರಾತ್ರಿ ಏಳದ ಮಗು ಇಲ್ಲ. ಈ ಪ್ರಾಯದಲ್ಲಿ ನಿದ್ದೆಯ ಒಂದು ಸುತ್ತು ಹೆಚ್ಚುಕಮ್ಮಿ ಒಂದು ಗಂಟೆಯದು. ಸುತ್ತು ಮುಗಿದಾಗ ನಿದ್ದೆ ತೆಳುವಾಗುತ್ತದೆ, ಮಗು ಹೊರಳುತ್ತದೆ, ಕೆಲವೊಮ್ಮೆ ಕಣ್ಣೂ ತೆರೆಯುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ನಡುರಾತ್ರಿ ಕಳೆದ ಮೇಲೆ ತೆಳು ನಿದ್ದೆ ಹೆಚ್ಚು; ಒಂದು ಗಂಟೆಯ ನಂತರ ಪದೇ ಪದೇ ಏಳುವುದು ಅದಕ್ಕೇ. ನೆರೆಮನೆಯ ಮಗು ಏಳುವುದಿಲ್ಲ ಎಂದರೆ, ಅದು ಎದ್ದು ತಾನೇ ಮತ್ತೆ ಮಲಗುತ್ತದೆ ಎಂದಷ್ಟೇ ಅರ್ಥ. ಎದೆಹಾಲು ಕುಡಿಯುತ್ತಾ ಮಲಗಿದ ಮಗು ನಡುವೆ ಎಚ್ಚರವಾದಾಗ ಬಾಯಲ್ಲಿ ಅದು ಕಾಣದೆ ಹುಡುಕುತ್ತದೆ. ಹಸಿವಿರಲೇಬೇಕೆಂದಿಲ್ಲ. ಉಮ್ಮನ ಹಾಲು ಕಡಿಮೆ ಎಂಬುದಕ್ಕೆ ಅದು ಸಾಕ್ಷಿಯೂ ಅಲ್ಲ. ಇದರ ಜೊತೆಗೆ ಹದಿಮೂರರಿಂದ ಹತ್ತೊಂಬತ್ತನೇ ತಿಂಗಳ ನಡುವೆ ಸಾಮಾನ್ಯವಾಗಿ ಮೊದಲ ದವಡೆ ಹಲ್ಲು ಬರುತ್ತದೆ, ಉಮ್ಮ ಕಣ್ಣಿಗೆ ಕಾಣದಿದ್ದರೆ ಅಳುವ ಪ್ರಾಯವೂ ಅದೇ.

ಹಾಗೆಂದು ರಾತ್ರಿ ಹಾಲು ನಿಲ್ಲಿಸಲೇಬೇಕು ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷ ಪೂರ್ತಿ ಹಾಲುಣಿಸುವ ಮಾತು ಕುರ್‌ಆನ್‌ನಲ್ಲೇ ಇದೆ, ಇಂದಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಎದ್ದು ಹಾಲು ಕೊಟ್ಟು ಮಲಗಿಸುವುದರಲ್ಲಿ ನಿನಗೆ ಸುಖವಿದ್ದರೆ ಏನನ್ನೂ ಬದಲಿಸಬೇಡ, ಇದು ತಾನಾಗಿ ಕಡಿಮೆಯಾಗುತ್ತದೆ ಎಂದೇ ಅವಳಿಗೂ ಹೇಳಿದೆ. ಅವಳು, "ಇಲ್ಲ, ನನ್ನಿಂದ ಆಗ್ತಾ ಇಲ್ಲ" ಎಂದಳು. ಆಮೇಲೆಯೇ ನಾವು ಕ್ಯಾಲೆಂಡರನ್ನು ಮತ್ತೆ ನೋಡಿದ್ದು.

ಎದ್ದು ಕಂಡದ್ದು ಸಂಜೆಯ ನಿದ್ದೆ. ಆರೂವರೆಗೆ ಎದ್ದ ಮಗು ಒಂಬತ್ತಕ್ಕೆ ಹೇಗೆ ಮಲಗೀತು? ಮಗ್ರಿಬ್ ಹೊತ್ತಿಗೆ ಮಕ್ಕಳನ್ನು ಮಲಗಲು ಬಿಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಕಾರಣ ಬೇರೆಯೇ ಇರಬಹುದು, ಆದರೆ ಮಾತು ಸರಿಯಾಗಿತ್ತು. ಇನ್ನೊಂದು, ಉಪ್ಪನ ಫೋನು. ಅವನು ಕೆಲಸ ಮುಗಿಸಿ ರೂಮಿಗೆ ಬಂದು ಎಂಟೂವರೆಗೆ ವೀಡಿಯೋ ಕಾಲ್ ಮಾಡಿದರೆ ಇಲ್ಲಿ ಗಂಟೆ ಹತ್ತು. ಅದಕ್ಕಾಗಿ ಮಗುವನ್ನು ಎಚ್ಚರ ಇಡುತ್ತಿದ್ದರು. ಉಪ್ಪನ ಮುಖ ಕಂಡು ಕುಣಿದ ಮಗು ಮತ್ತೆ ಅರ್ಧ ಗಂಟೆ ಮಲಗುವುದಿಲ್ಲ. ಈ ಕಾಲ್ ಬೇಡ ಎನ್ನುವ ಧೈರ್ಯ ನನಗಿಲ್ಲ. ವರ್ಷಕ್ಕೊಮ್ಮೆ ಬರುವವನಿಗೆ ಮಗು ಸಿಗುವುದು ಅಷ್ಟರಲ್ಲೇ. ಅವಳೇ ಕೇಳಿದಳು, ಅವನು ಕೆಲಸಕ್ಕೆ ಹೊರಡುವ ಮೊದಲು, ಅಲ್ಲಿಯ ಆರೂಕಾಲಿಗೆ, ಇಲ್ಲಿಯ ಏಳೂಮುಕ್ಕಾಲಿಗೆ ಮಾಡಬಹುದಾ ಎಂದು. ಅವನು ಒಪ್ಪಿದ. ರಾತ್ರಿಯ ಕಾಲ್ ಈಗ ಗಂಡ ಹೆಂಡತಿಯದು ಮಾತ್ರ.

ಉಳಿದದ್ದನ್ನು ನಿಧಾನವಾಗಿ ಮಾಡಿದಳು. ಬೆಳಿಗ್ಗೆಯ ಮತ್ತು ಸಂಜೆಯ ನಿದ್ದೆ ಸೇರಿಸಿ ಊಟದ ನಂತರ ಒಂದೇ ನಿದ್ದೆ, ಹನ್ನೆರಡೂವರೆಯಿಂದ ಎರಡೂವರೆ. ಅಸರ್ ಬಾಂಗಿನ ನಂತರ ಮಲಗಿಸುವುದಿಲ್ಲ. ರಾತ್ರಿಯ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತಂದು ಒಂಬತ್ತಕ್ಕೆ ನಿಲ್ಲಿಸಿದಳು. ಹಾಲು ಕುಡಿಸಿ, ಬಾಯಿ ಒರೆಸಿ, ದೀಪ ಆರಿಸಿ, ಆಮೇಲೆ ಬೆನ್ನು ತಟ್ಟಿ ಮಲಗಿಸುವುದು. ಹಾಲು ಮೊದಲಿನಷ್ಟೇ ಕೊಡುತ್ತಾಳೆ, ನಿದ್ದೆ ಹತ್ತುವ ಕೊನೆಯ ಗಳಿಗೆ ಮಾತ್ರ ಹಾಲಿನದಲ್ಲ. ನಡುರಾತ್ರಿ ಎದ್ದರೆ ಮೊದಲು ತಟ್ಟಿ ನೋಡುವುದು, ಆಗದಿದ್ದರೆ ಹಾಲು. ಮೊದಲ ನಾಲ್ಕು ದಿನ ಅಳು ಹೆಚ್ಚೇ ಇತ್ತು. ಒಂದು ವಾರ ಶೀತ ಬಂದು ಎಲ್ಲ ಹಳೆಯದಕ್ಕೇ ಹೋಯಿತು. ನಾಲ್ಕನೇ ವಾರಕ್ಕೆ ಏಳುವುದು ಒಂದೆರಡು ಸಲಕ್ಕೆ ಇಳಿದಿದೆ. ಅದಕ್ಕಿಂತ ಹೆಚ್ಚು ನಾನೂ ನಿರೀಕ್ಷಿಸಿರಲಿಲ್ಲ.

ಆದರೆ ಅವಳನ್ನು ನಿಜವಾಗಿ ಉಳಿಸಿದ್ದು ಬೇರೆ. ಆ ಮನೆಯಲ್ಲಿ ಮಾಮಿ ಸುಬಹಿಗೆ ಏಳುತ್ತಾರೆ, ನಮಾಜು ಮುಗಿಸಿ ಮತ್ತೆ ಮಲಗುವುದಿಲ್ಲ. ಸೊಸೆಯೂ ಅದೇ ಹೊತ್ತಿಗೆ ಅಡುಗೆಮನೆಗೆ ಬಂದು ಪತ್ತಿರಿಗೆ ಹಿಟ್ಟು ಕಲಸಬೇಕಿತ್ತು, ರಾತ್ರಿ ನಾಲ್ಕು ಸಲ ಎದ್ದಿದ್ದರೂ. ಈಗ ಅವಳು ನಮಾಜು ಮಾಡಿ ಮತ್ತೆ ಮಲಗುತ್ತಾಳೆ. ಆರೂಮುಕ್ಕಾಲಿಗೆ ಮಗು ಎದ್ದರೆ ಮಾಮಿ ಎತ್ತಿಕೊಂಡು ಜಗಲಿಗೆ ಹೋಗುತ್ತಾರೆ, ಅವಳಿಗೆ ಏಳೂವರೆ ತನಕ ನಿದ್ದೆ. ತಿಂಡಿ ಕೆಲವು ದಿನ ಅವಲಕ್ಕಿ. ಇದಕ್ಕೆ ಯಾರೂ ಸಭೆ ಕೂಡಿಸಲಿಲ್ಲ. ನಾನು ಕ್ಯಾಲೆಂಡರನ್ನು ಮಾಮಿಯ ಮುಂದೆ ಇಟ್ಟೆ, ಅವರು ಕನ್ನಡಕ ಹಾಕಿ ಓದಿ, "ಇಷ್ಟು ಸಲವಾ?" ಎಂದರು. ಅದೇ ಕೋಣೆಯ ಪಕ್ಕದಲ್ಲಿ ಮಲಗುವವರಿಗೂ ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಬಾಣಂತಿಗೆ ನಲವತ್ತು ದಿನ ಎಷ್ಟು ನೋಡಿಕೊಳ್ಳುತ್ತೇವೆ! ಆಮೇಲೆ ಎರಡು ವರ್ಷ ಅವಳು ರಾತ್ರಿ ಒಬ್ಬಳೇ. ಬದಲಾಗಬೇಕಾದದ್ದು ಇದು ಎಂದು ನನಗನ್ನಿಸುತ್ತದೆ.

ಮಗುವಿಗೆ ಡಾಕ್ಟರು ಬೇಕಾಗುವ ಸಂದರ್ಭಗಳೂ ಇವೆ. ಶೀತ ಇಲ್ಲದಾಗಲೂ ದಿನಾ ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು, ಬಾಯಿ ತೆರೆದೇ ಮಲಗುವುದು ಇದ್ದರೆ ಮೂಗಿನ ಹಿಂದಿನ ಗ್ರಂಥಿ ಊದಿರಬಹುದು. ಬಿಳಿಚಿಕೊಂಡು, ಮಣ್ಣು ಬಾಯಿಗೆ ಹಾಕುತ್ತಾ, ರಾತ್ರಿಯೆಲ್ಲ ಕಾಲು ಬಡಿಯುವ ಮಗುವಿಗೆ ಕಬ್ಬಿಣಾಂಶ ಕಡಿಮೆಯಿರಬಹುದು. ನಿದ್ದೆ ಬರಲಿ ಎಂದು ಶೀತದ ಸಿರಪ್ ಕೊಡುವುದಂತೂ ಬೇಡ. ಅಂಥ ಸಿರಪ್‌ಗಳಲ್ಲಿ ಸಾಮಾನ್ಯವಾದ ಒಂದು ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಮಗು ಮಲಗಿದಾಗಲೂ ಉಮ್ಮನಿಗೆ ನಿದ್ದೆ ಹತ್ತದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅವಳನ್ನೂ ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಮೊನ್ನೆ ಫೋನು ಮಾಡಿದ್ದಳು. ದವಡೆ ಹಲ್ಲು ಬರುತ್ತಿದೆ, ರಾತ್ರಿ ಮತ್ತೆ ಮೂರು ಸಲವಂತೆ. "ಬೆಳಿಗ್ಗೆ ಮಾತ್ರ ಮಾಮಿ ಎತ್ತಿಕೊಂಡರು, ಎಂಟರ ತನಕ ಮಲಗಿದೆ" ಎಂದಳು. ದನಿಯಲ್ಲಿ ಮದುವೆಮನೆಯ ಆ ಸುಸ್ತು ಇರಲಿಲ್ಲ.