ಕಾಕಾ, ಲಗ್ನಕ್ಕ ಬರಲಿಕ್ಕೆ ಆಗೂದಿಲ್ಲ

ಲಗ್ನಕ್ಕೆ ಬನ್ನಿ ಅಂತ ಕರೆದವನೇ ಲಗ್ನಕ್ಕೆ ಹೋಗದಿದ್ದರೆ ಹೇಗಿರುತ್ತದೆ ಹೇಳಿ? 2025ರ ಫೆಬ್ರುವರಿಯಲ್ಲಿ ನಾನು ಮಾಡಿದ್ದು ಅದನ್ನೇ.

ಧಾರವಾಡದಲ್ಲಿ ನಮ್ಮ ಕಾಕಾನ ಮೊಮ್ಮಗಳ ಲಗ್ನ. ಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ನನ್ನ ಹೆಸರಿತ್ತು. ನಮ್ಮಪ್ಪ ಇದ್ದಿದ್ದರೆ ಅವರ ಹೆಸರು ಇರಬೇಕಾದ ಜಾಗ ಅದು. ಅಪ್ಪ ಹೋದ ಮೇಲೆ ಕಾಕಾ ಆ ಜಾಗಕ್ಕೆ ನನ್ನನ್ನು ತಂದು ಕೂರಿಸಿದ್ದ. ಹೊರಗಿನವರು ಆ ಸಾಲನ್ನು ಓದುವುದೇ ಇಲ್ಲ. ಮನೆಯವರು ಮಾತ್ರ ಮೊದಲು ಓದುವುದೇ ಅದನ್ನು, ಯಾರ ಹೆಸರು ಬಿಟ್ಟಿದ್ದಾರೆ ಅಂತ ನೋಡಲಿಕ್ಕೆ!

ಪುಣೆಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ಊರಿನ ಎಷ್ಟು ಲಗ್ನ ತಪ್ಪಿಸಿಕೊಂಡಿದ್ದೇನೆ ಅಂತ ಎಣಿಸಲು ಹೋದರೆ ನಾಚಿಕೆ ಆಗುತ್ತದೆ. ನಿಮ್ಮ ಕಥೆಯೂ ಬೇರೆ ಇರಲಿಕ್ಕಿಲ್ಲ. ರಜೆ ಸಿಗಲಿಲ್ಲ, ರಿಜರ್ವೇಶನ್ ಆಗಲಿಲ್ಲ... ಇದೆಲ್ಲ ನಡೆಯುವುದೇ. ಹೋಗದೇ ಇರುವುದಕ್ಕಿಂತ ನಾವು ಹೆಚ್ಚು ಕೆಡಿಸುವುದು ‘ಬರಲಿಕ್ಕೆ ಆಗೂದಿಲ್ಲ’ ಅಂತ ಹೇಳುವ ರೀತಿಯಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ಒಂದು ಸುಳ್ಳಿನಿಂದ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2006ರಲ್ಲಿ ಇದೇ ಕಾಕಾನ ಮಗಳ ಲಗ್ನ. ನಾನು ರಜೆ ಕೇಳಿರಲೇ ಇಲ್ಲ. ಆಗ ಹೊಸ ಪ್ರಾಜೆಕ್ಟು, ಕೇಳಿದರೆ ಸಾಹೇಬರ ಮುಖ ಹೇಗಾಗುತ್ತದೋ ಅನ್ನುವ ಅಂಜಿಕೆ. ಕಾಕಾ ಫೋನ್ ಮಾಡಿದಾಗಲೆಲ್ಲ ‘ನೋಡ್ತೀನಿ ಕಾಕಾ, ಪ್ರಯತ್ನ ಮಾಡ್ತೀನಿ’ ಅನ್ನುತ್ತಾ ಬಂದೆ. ಕೊನೆಗೆ ಎರಡು ದಿನ ಉಳಿದಾಗ ‘ಟೈಫಾಯ್ಡ್ ಆಗಿದೆ’ ಅಂದುಬಿಟ್ಟೆ. ಫೋನಿನಲ್ಲಿ ಸಣ್ಣ ದನಿ ಬೇರೆ ತೆಗೆದೆ.

ಲಗ್ನವಾದ ನಾಲ್ಕನೇ ದಿನ ಬೆಳಿಗ್ಗೆ ಕಾಕಾ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಮಗಳ ಲಗ್ನದ ದಣಿವು ಆರುವ ಮೊದಲೇ ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದ. ಒಂದು ಚೀಲದಲ್ಲಿ ಬುಂದಿ ಲಾಡು, ಚಿರೋಟಿ. ಜೇಬಿನಲ್ಲಿ ಸಣ್ಣ ಪುಡಿಕೆಯಲ್ಲಿ ರಾಯರ ಮಠದ ಮಂತ್ರಾಕ್ಷತೆ, ನನ್ನ ತಲೆಯ ಮೇಲೆ ಹಾಕಲಿಕ್ಕೆ. ನಾನು ಆಫೀಸಿಗೆ ಹೋಗಿದ್ದೆ. ನನ್ನ ಹೆಂಡತಿಗೆ ಟೈಫಾಯ್ಡಿನ ಸುದ್ದಿಯೇ ಗೊತ್ತಿರಲಿಲ್ಲ, ‘ಅವರು ಆಫೀಸಿಗೆ ಹೋಗ್ಯಾರ’ ಅಂದಳು.

ಸಂಜೆ ನಾನು ಬಂದಾಗ ಕಾಕಾ ಬಯ್ಯಲಿಲ್ಲ. ‘ನಿಮ್ಮ ಆರೋಗ್ಯ ಸುಧಾರಿಸ್ತಲ್ಲ, ಅಷ್ಟು ಸಾಕು’ ಅಂದ.

‘ನಿಮ್ಮ’! ನಾನು ಹುಟ್ಟಿದಾಗಿನಿಂದ ‘ನೀ’ ಅಂದವನು. ನಮ್ಮ ಕಡೆ ಹಿರಿಯರ ಸಿಟ್ಟನ್ನು ಅಳೆಯಬೇಕೆಂದರೆ ದನಿ ನೋಡಬಾರದು, ಈ ‘ನೀವು’ ಬಂತೇ ಅಂತ ನೋಡಬೇಕು. ‘ಮೂರ್ಖ, ನಿನಗ ಬುದ್ಧಿ ಐತೇನು’ ಅಂದರೆ ನಿಮ್ಮ ತಪ್ಪು ಮನೆಯೊಳಗೇ ಇದೆ, ನಾಳೆ ತೊಳೆದುಹೋಗುತ್ತದೆ. ‘ಇರಲಿ ಬಿಡ್ರಿ, ನಿಮ್ಮದೆಲ್ಲಾ ದೊಡ್ಡ ಕೆಲಸ’ ಅಂದರೆ ನಿಮ್ಮನ್ನು ನೆಂಟರ ಸಾಲಿನಿಂದ ಎಬ್ಬಿಸಿ ಪರಿಚಯದವರ ಸಾಲಿನಲ್ಲಿ ಕೂರಿಸಿದ್ದಾರೆ ಅಂತ. ನನ್ನನ್ನು ಮತ್ತೆ ‘ನೀ’ ಅನ್ನಲು ಕಾಕಾನಿಗೆ ಸುಮಾರು ಎರಡು ವರ್ಷ ಬೇಕಾಯಿತು.

ಇರಲಿ, ಈಗಿನ ಲಗ್ನಕ್ಕೆ ಬರೋಣ.

ಲಗ್ನ ರವಿವಾರ. ಮರುದಿನ ಸೋಮವಾರ ನನ್ನ ಮಗಳ ಹನ್ನೆರಡನೇ ಕ್ಲಾಸಿನ ಫಿಜಿಕ್ಸ್ ಪೇಪರ್. ಇಲ್ಲಿಯ ಬೋರ್ಡಿನವರು ವೇಳಾಪಟ್ಟಿಯನ್ನು ತಿಂಗಳುಗಟ್ಟಲೆ ಮೊದಲೇ ಕೊಡುತ್ತಾರೆ. ಹಾಗಾಗಿ ಮುಹೂರ್ತ ಗೊತ್ತಾದ ದಿನವೇ ನನಗೆ ಈ ತೊಡಕು ಗೊತ್ತಿತ್ತು. ಆದರೂ ಮೂರು ವಾರ ಸುಮ್ಮನಿದ್ದೆ. ಅಷ್ಟರಲ್ಲಿ ಪತ್ರಿಕೆ ಅಚ್ಚಾಗಿ ಬಂತು. ಅದರ ಫೋಟೋ ವಾಟ್ಸಾಪಿನಲ್ಲಿ ಬಂದಾಗ ನನ್ನ ಹೆಸರು ನೋಡಿ ಎದೆ ಧಸಕ್ಕೆಂದಿತು. ಇವತ್ತು ಹೇಳದಿದ್ದರೆ ಮತ್ತೆ ಟೈಫಾಯ್ಡೇ ಗತಿ ಅನ್ನಿಸಿತು.

ಯಾರಿಗೆ ಹೇಳುವುದು? ಸುಲಭದ ದಾರಿ ಮನೆತನದ ಗ್ರೂಪು. ಎರಡು ಕೈಮುಗಿದ ಚಿತ್ರ ಹಾಕಿ ‘ಸಾರಿ, ಬರಲಾಗುತ್ತಿಲ್ಲ’ ಅಂದರೆ ಮುಗಿಯಿತು. ಅದಕ್ಕಿಂತ ಸುಲಭ, ನನ್ನ ಓರಗೆಯ ತಮ್ಮನಿಗೆ, ಅಂದರೆ ಹುಡುಗಿಯ ಅಪ್ಪನಿಗೆ ಹೇಳಿ ‘ಕಾಕಾಗ ನೀನೇ ತಿಳಿಸಿಬಿಡು’ ಅನ್ನುವುದು. ಎರಡೂ ತಪ್ಪು ಅಂತ ನನಗನ್ನಿಸುತ್ತದೆ. ಬರುವುದಿಲ್ಲ ಅನ್ನುವ ಸುದ್ದಿ ಹಿರಿಯರಿಗೆ ಬೇರೆಯವರ ಬಾಯಿಂದ ತಿಳಿಯಿತು ಅಂದರೆ ಆಮೇಲೆ ನೀವು ಎಷ್ಟು ಕ್ಷಮೆ ಕೇಳಿದರೂ ಅದು ಎರಡನೇ ಮಾತಾಗುತ್ತದೆ. ಹುಡುಗಿಯ ಅಪ್ಪನಿಗೋ ಛತ್ರ, ಆಚಾರಿ, ಬೀಗರ ಕೋಣೆ ಅಂತ ನೂರೆಂಟು ತಲೆಬಿಸಿ. ಅವನ ತಲೆಯ ಮೇಲೆ ನಮ್ಮ ಅಪರಾಧವನ್ನೂ ಹೊರಿಸುವುದು ಯಾವ ನ್ಯಾಯ?

ಹಾಗಾಗಿ ಮೊದಲು ಕಾಕಾನಿಗೇ ಫೋನ್ ಮಾಡಿದೆ. ಎಂಬತ್ತೊಂದರ ಮುದುಕ, ಸಂಧ್ಯಾವಂದನೆ ಮುಗಿಸಿ ಚಹಾ ಕುಡಿದು ಕೂತಿರುವ ಹೊತ್ತು ನೋಡಿಕೊಂಡು.

‘ಕಾಕಾ, ಲಗ್ನಕ್ಕ ಬರಲಿಕ್ಕೆ ಆಗೂದಿಲ್ಲ. ಮಗಳ ಪರೀಕ್ಷಾ ಮರುದಿನಾನ ಐತಿ’ ಅಂದೆ. ಪೀಠಿಕೆ ಹಾಕಲಿಲ್ಲ.

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ, ‘ಪರೀಕ್ಷಾ ಅಕಿದು. ನಿಂದೇನು? ಅವರವ್ವ ಇರ್ತಾಳಲ್ಲ ಮನ್ಯಾಗ?’

ನ್ಯಾಯವಾದ ಪ್ರಶ್ನೆ. ಇಲ್ಲಿಯೇ ನಾವು ಜಾರುವುದು. ಒಂದು ಕಾರಣ ಸಾಲದು ಅನ್ನಿಸಿದ ಕೂಡಲೇ ಎರಡನೆಯದು ಹುಡುಕುತ್ತೇವೆ. ರಜೆಯೂ ಇಲ್ಲ, ಬೆನ್ನೂ ನೋವು, ಟಿಕೀಟೂ ಸಿಗಲಿಲ್ಲ. ಮೂರು ಕಾರಣ ಕೊಟ್ಟವನಿಗೆ ಒಂದೂ ಇಲ್ಲ ಅಂತ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ. ನನ್ನ ನಾಲಿಗೆಯ ತುದಿಗೂ ಬೆನ್ನುನೋವು ಬಂದಿತ್ತು, ನುಂಗಿಕೊಂಡೆ. ಇದ್ದದ್ದನ್ನೇ ಬಿಡಿಸಿ ಹೇಳಿದೆ. ಹಿಂದಿನ ತಿಂಗಳು ಕಾಲೇಜಿನ ಪ್ರಿಲಿಮ್ ಪರೀಕ್ಷೆಯಲ್ಲಿ ಹುಡುಗಿ ಪೇಪರ್ ಕೈಗೆ ಬಂದೊಡನೆ ಬೆವರಿ, ಅರ್ಧ ತಾಸು ಏನೂ ಬರೆಯದೆ ಕೂತಿದ್ದಳು. ಹಿಂದಿನ ರಾತ್ರಿ ನಾನು ಪಕ್ಕದಲ್ಲಿ ಕೂತು ಲೆಕ್ಕ ಕೇಳಿದರೆ ಅವಳಿಗೆ ಧೈರ್ಯ. ‘ಅಪ್ಪಾ ನೀ ಇರು’ ಅಂತ ಅವಳೇ ಬಾಯಿಬಿಟ್ಟು ಕೇಳಿದ್ದಳು. ಲಗ್ನದ ಊಟ ಮುಗಿಸಿ ಧಾರವಾಡ ಬಿಟ್ಟರೂ ನಾಲ್ಕುನೂರು ಕಿಲೋಮೀಟರಿನ ದಾರಿ. ಮನೆ ಮುಟ್ಟುವಷ್ಟರಲ್ಲಿ ನಡುರಾತ್ರಿ ಆಗುತ್ತದೆ, ಆಗ ಹೋಗಿ ಏನು ಲೆಕ್ಕ ಕೇಳುವುದು?

ಮಗಳ ಈ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ಕಾಕಾನಿಗೆ ಹೇಳುವಾಗ ನನಗೂ ಗಂಟಲು ಕಟ್ಟಿತು. ಕಾಕಾ ಕೇಳಿಸಿಕೊಂಡ. ಆಮೇಲೆ ಬಯ್ದ ನೋಡಿ!

‘ಮಂಗ್ಯಾನಂಥವನ, ಇದನ್ನ ಮೂರು ವಾರದ ಹಿಂದ ಹೇಳಲಿಕ್ಕೆ ಏನಾಗಿತ್ತು ನಿನಗ? ಹೆಸರು ಅಚ್ಚಾಗಿ ಕೂತೈತಿ. ಆಹೇರಿ ವಹಿ ಯಾರು ಹಿಡೀಬೇಕು ಈಗ?’

‘ನಿನಗ’ ಅಂದ. ನನ್ನ ಜೀವ ಅಲ್ಲಿಯೇ ತಣ್ಣಗಾಯಿತು.

ಆಹೇರಿ ವಹಿ ಅಂದರೆ ಗೊತ್ತಲ್ಲ? ಲಗ್ನದಲ್ಲಿ ಯಾರು ಏನು ಕೊಟ್ಟರು, ಸೀರೆಯೋ, ಖಣವೋ, ಎಷ್ಟು ರೂಪಾಯಿ ಅಂತ ಬರೆದಿಡುವ ಪುಸ್ತಕ. ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ತಿರುಗಿ ಮಾಡಬೇಕಾದಾಗ ಅದನ್ನೇ ತೆಗೆದು ನೋಡುವುದು. ಬರೆಯಲು ಅಕ್ಷರ ಬಂದರೆ ಸಾಲದು, ಮುಖ ಗೊತ್ತಿರಬೇಕು. ಬಂದವರು ತಮ್ಮ ಹೆಸರು ಹೇಳುವುದಿಲ್ಲ, ‘ಬರಕೋಪಾ’ ಅಂತ ಕೈಯಲ್ಲಿಟ್ಟು ಹೋಗುತ್ತಾರೆ. ಕೆಲವು ವರ್ಷಗಳಿಂದ ನಮ್ಮ ಮನೆಯ ಲಗ್ನಗಳಲ್ಲಿ ಆ ಕುರ್ಚಿ ನನ್ನದು.

ಆಗ ನನಗೆ ಹೊಳೆದದ್ದು, ನಾವು ‘ಬರುವುದಿಲ್ಲ’ ಅಂದಾಗ ಅವರಿಗೆ ಕಡಿಮೆಯಾಗುವುದು ಒಂದು ಎಲೆ ಅಲ್ಲ. ಸಾವಿರ ಎಲೆ ಬೀಳುವಲ್ಲಿ ಒಂದು ಎಲೆ ಆಚಾರಿಗೂ ಲೆಕ್ಕಕ್ಕಿಲ್ಲ. ಒಂದು ಕೆಲಸ ಅನಾಥವಾಗುತ್ತದೆ. ಬೀಗರನ್ನು ಎದುರುಗೊಳ್ಳುವುದೋ, ಅಡ್ಡ ಪರದೆ ಹಿಡಿಯುವುದೋ, ವಹಿ ಬರೆಯುವುದೋ, ಏನಾದರೂ ಒಂದು. ಕ್ಷಮೆ ಕೇಳುವವನು ಆ ಕೆಲಸಕ್ಕೂ ಒಂದು ದಾರಿ ಮಾಡಿಕೊಡಬೇಕು. ನಾನು ಹುಬ್ಬಳ್ಳಿಯ ನನ್ನ ಅಕ್ಕನ ಮಗನನ್ನು ಒಪ್ಪಿಸಿದೆ. ಎರಡು ರಾತ್ರಿ ಫೋನಿನಲ್ಲಿ ಕೂತು ಯಾರು ಯಾರ ಮಗ, ಗದಗಿನ ಮಾವಶಿ ಯಾರು, ಸವದತ್ತಿಯ ಎರಡು ಮನೆಯವರು ಬೇರೆ ಬೇರೆ ಅಂತ ಹಳೆಯ ಫೋಟೋ ಕಳಿಸಿ ಕಳಿಸಿ ಪಾಠ ಮಾಡಿದೆ. ಪಾಪ, ಅವನಿಗೂ ಪರೀಕ್ಷೆಯೇ!

ಇನ್ನು ದುಡ್ಡಿನ ಮಾತು. ಇತ್ತೀಚೆಗೆ ಬರುವುದಿಲ್ಲ ಅಂದ ಐದೇ ನಿಮಿಷಕ್ಕೆ ಫೋನಿನಲ್ಲಿ ಐದು ಸಾವಿರದ ಒಂದು ರೂಪಾಯಿ ಕಳಿಸಿಬಿಡುವ ರೂಢಿ ಬಂದಿದೆ. ಕಳಿಸುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಮಾತು ಮುಗಿಯುವಷ್ಟರಲ್ಲಿ ‘ಟಿಂಗ್’ ಅಂತ ದುಡ್ಡು ಬಂದು ಬಿದ್ದರೆ ಅದು ಆಹೇರಿಯ ಥರ ಕಾಣುವುದಿಲ್ಲ, ಟ್ರಾಫಿಕ್ ಪೋಲೀಸರಿಗೆ ಕಟ್ಟಿದ ದಂಡದ ಥರ ಕಾಣುತ್ತದೆ. ನಾನು ಕಳಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮೂವರೂ ಬರುತ್ತೇವೆ ಅಂತ ಮಾತ್ರ ಹೇಳಿದೆ, ತಾರೀಖನ್ನೂ ಹೇಳಿದೆ. ‘ಯಾವಾಗಾದರೂ ಬರ್ತೀವಿ’ ಅಂದರೆ ಅದು ‘ಪ್ರಯತ್ನ ಮಾಡ್ತೀನಿ’ಯ ತಮ್ಮ.

ಲಗ್ನದ ದಿನ ಯೂಟ್ಯೂಬಿನಲ್ಲಿ ಅಕ್ಷತೆ ಬೀಳುವುದನ್ನು ನೋಡಿದೆವು. ಮಗಳು ಹತ್ತು ನಿಮಿಷ ಪುಸ್ತಕ ಬಿಟ್ಟು ಬಂದಳು. ನಾನು ಕೂರಬೇಕಾಗಿದ್ದ ಕುರ್ಚಿಯಲ್ಲಿ ಅಕ್ಕನ ಮಗ ತಲೆ ತಗ್ಗಿಸಿ ಬರೆಯುತ್ತಿದ್ದ. ಅದನ್ನು ನೋಡಿ ಹೊಟ್ಟೆಯಲ್ಲಿ ಒಂದು ನಮೂನೆ ಆಯಿತು. ಆನ್‌ಲೈನಿನಲ್ಲಿ ನೋಡಿದರೂ ಹೋದಂತೆಯೇ ಅನ್ನುವವರಿಗೆ ದೊಡ್ಡ ನಮಸ್ಕಾರ.

ಏಪ್ರಿಲ್ ತಿಂಗಳಲ್ಲಿ, ಹೇಳಿದ ತಾರೀಖಿಗೇ ಧಾರವಾಡಕ್ಕೆ ಹೋದೆವು. ಹುಡುಗ ಹುಡುಗಿಯನ್ನೂ ಕಾಕಾ ಅವತ್ತೇ ಊಟಕ್ಕೆ ಕರೆಸಿದ್ದ. ನನ್ನ ಹೆಂಡತಿ ಹುಡುಗಿಗೆ ಸೀರೆ ಕೊಟ್ಟು ಉಡಿ ತುಂಬಿದಳು. ಮೂರು ತಾಸಿನ ವಿಡಿಯೋವನ್ನು ಪೂರ್ತಿ ಕೂತು ನೋಡಿದೆವು. ಇದು ಲಗ್ನ ತಪ್ಪಿಸಿಕೊಂಡವರೆಲ್ಲ ತೀರಿಸಬೇಕಾದ ಋಣ, ಮಧ್ಯದಲ್ಲಿ ಏಳಬಾರದು. ಕಾಕಾ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಬೆವರು ಬಂತೇನು ಈ ಸಲ?’ ಅಂತ ಮೆಲ್ಲಗೆ ಕೇಳಿದ. ಅವಳು ‘ಸ್ವಲ್ಪ ಬಂತು ಅಜ್ಜಾ, ಆದ್ರ ಪೂರಾ ಬರದೆ’ ಅಂದಳು.

ಊಟವಾದ ಮೇಲೆ ಕಾಕಾ ಒಳಗೆ ಹೋಗಿ ಆಹೇರಿ ವಹಿ ತಂದು ನನ್ನ ಮುಂದೆ ಒಗೆದ.

‘ನೋಡು, ನಿನ್ನ ಅಳಿಯಾ ಸವದತ್ತಿಯವರನ್ನ ಎರಡೂ ಮನಿ ಒಂದ ಮಾಡಿಟ್ಟಾನ. ಕೂಡು ಇಲ್ಲೆ, ತಿದ್ದು. ಮುಂದಿನ ಲಗ್ನ ನವೆಂಬರದಾಗ ಐತಿ, ಈಗಽ ಹೇಳೀನಿ.’

ಸಂಜೆ ಆರರ ತನಕ ತಿದ್ದುತ್ತಾ ಕೂತಿದ್ದೆ.