ಗಂಟೆಗಳಿವೆ, ನೋಂದಣಿಯಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೆತ್ತವರಿಗೆ ಪರಿಚಿತವಾದ ಒಂದು ಅಲೆದಾಟವಿದೆ. ಬುದ್ಧಿಯ ಬೆಳವಣಿಗೆ ಹಿಂದುಳಿದ ಮಗುವಿಗೆ ವಿಕಲಚೇತನರ ಗುರುತಿನ ಚೀಟಿ ಬೇಕು. ಅದಕ್ಕೆ ಬುದ್ಧಿಮಟ್ಟದ ಪರೀಕ್ಷೆಯ ವರದಿ ಬೇಕು. ಆ ವರದಿಗಾಗಿ ಸಿಂದಗಿಯ ತಾಯಿಯೊಬ್ಬಳು ಕೂಲಿ ಬಿಟ್ಟು, ಮಗುವನ್ನೆತ್ತಿಕೊಂಡು ಸುಮಾರು 60 ಕಿಲೋಮೀಟರ್ ದೂರದ ವಿಜಯಪುರಕ್ಕೆ ಹೋಗಬೇಕು. ಆಕೆಯ ಊರಿನಲ್ಲಿಯೇ ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ, ಶಾಲೆಯಲ್ಲಿ ಆಪ್ತ ಸಮಾಲೋಚಕಿಯಾಗಿರುವ ಹೆಣ್ಣುಮಗಳೊಬ್ಬಳು ಇದ್ದರೂ ಅವಳ ಸಹಿಗೆ ಬೆಲೆಯಿಲ್ಲ. ಏಕೆ?

ಆ ಹೆಣ್ಣುಮಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಾವು ಇಲ್ಲಿ ಯಾರೊಬ್ಬರ ಕಥೆಯನ್ನೂ ಹೇಳುತ್ತಿಲ್ಲ. ಇಂತಹವರು ಪ್ರತಿ ತಾಲೂಕಿನಲ್ಲಿಯೂ ಇರುವುದರಿಂದ ಒಬ್ಬಳನ್ನು ಕಲ್ಪಿಸಿಕೊಳ್ಳುತ್ತಿದ್ದೇವೆ. ಅವಳು ದೂರಶಿಕ್ಷಣದಲ್ಲಿ ಎಂ.ಎ. ಮುಗಿಸಿದಳು. ವಾರಕ್ಕೆ ಐದು ಗಂಟೆಯಂತೆ ವರ್ಷಕ್ಕೆ 40 ವಾರ ಮಕ್ಕಳೊಡನೆ ಕುಳಿತಳು. ಮೂರು ವರ್ಷಗಳಲ್ಲಿ 600 ಗಂಟೆಗಳಾದವು. ಬಳಿಕ ಯಾವುದೋ ನಗರದ ಸಂಸ್ಥೆಯೊಂದಕ್ಕೆ ಹಣ ಕಟ್ಟಿ, '300 ಗಂಟೆಗಳ ಮೇಲ್ವಿಚಾರಣೆಯ ತರಬೇತಿ' ಎಂಬ ಪ್ರಮಾಣಪತ್ರವನ್ನೂ ಪಡೆದಳು. ಒಟ್ಟು 900 ಗಂಟೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಈ 900ರಲ್ಲಿ ಎಷ್ಟು ಗಂಟೆ ಲೆಕ್ಕಕ್ಕೆ ಬರುತ್ತದೆ? ಒಂದೂ ಇಲ್ಲ.

ಇದು ಅನ್ಯಾಯದಂತೆ ಕಾಣುತ್ತದೆ. ಆದರೆ ನಮ್ಮ ದೇಶದ ಕಾನೂನು ಗಂಟೆಗಳನ್ನು ಎಣಿಸುವ ಬಗೆಯೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ದಾಂಪತ್ಯ ಮತ್ತು ಕುಟುಂಬ ಚಿಕಿತ್ಸಕರ ಪರವಾನಿಗೆಗೆ 3,000 ಗಂಟೆಗಳ ಮೇಲ್ವಿಚಾರಣೆಯ ಕೆಲಸ ಬೇಕು. ಅದರ ಬಹುಪಾಲನ್ನು ಪದವಿ ಪಡೆದ ನಂತರ ಉದ್ಯೋಗದಲ್ಲಿದ್ದುಕೊಂಡೇ, ಪರವಾನಿಗೆಯುಳ್ಳ ಹಿರಿಯರ ಕೈಕೆಳಗೆ ಕೂಡಿಸಿಕೊಳ್ಳಬಹುದು. ಭಾರತದಲ್ಲಿ ಹಾಗಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಪರಿಷತ್ತು ಮನ್ನಣೆ ನೀಡಿದ ಅರ್ಹತೆಯುಳ್ಳವರ ಹೆಸರು ಮಾತ್ರ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಸೇರುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದನ್ನು ವಿವರಿಸುವಾಗ, ಮೇಲ್ವಿಚಾರಣೆಯ ತರಬೇತಿಯು ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಕೋರ್ಸಿನ ಒಳಗೇ ಇರಬೇಕೆಂದು ಹೇಳುತ್ತದೆ. ಅಂದರೆ ಇಲ್ಲಿ ಗಂಟೆಗೆ ಪ್ರತ್ಯೇಕ ಅಸ್ತಿತ್ವವಿಲ್ಲ. ಮನ್ನಣೆಯಿರುವ ಕೋರ್ಸಿನೊಳಗೆ ಕಳೆದ ಗಂಟೆ ಲೆಕ್ಕಕ್ಕೆ ಬರುತ್ತದೆ. ಹೊರಗೆ ಕಳೆದದ್ದು ಅನುಭವವಾಗಿಯೇ ಉಳಿಯುತ್ತದೆ.

ಇದರ ಹಿಂದಿನ ತರ್ಕವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಎಂ.ಫಿಲ್. ವಿದ್ಯಾರ್ಥಿಯು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೂ ವಾರ್ಡಿನಲ್ಲಿಯೂ ದಿನವಿಡೀ ಇರುತ್ತಾನೆ. ರೋಗಿಯ ಪೂರ್ವಚರಿತ್ರೆ ಬರೆಯುತ್ತಾನೆ, ಪರೀಕ್ಷೆಗಳನ್ನು ನಡೆಸುತ್ತಾನೆ, ಚಿಕಿತ್ಸೆಯ ಬೈಠಕ್ಕುಗಳನ್ನು ನಡೆಸುತ್ತಾನೆ. ಪ್ರತಿಯೊಂದೂ ಲಾಗ್‌ಬುಕ್‌ನಲ್ಲಿ ದಾಖಲಾಗಿ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್‌ರ ಸಹಿ ಬೀಳಬೇಕು. ಸಿಂದಗಿಯ ಶಾಲೆಯ ಕೋಣೆಯಲ್ಲಿ ನಡೆದ 600 ಗಂಟೆಗಳನ್ನು ನೋಡಿದವರಾರು? ತಪ್ಪಿದಾಗ ತಿದ್ದಿದವರಾರು? ಈ ಪ್ರಶ್ನೆ ಕಠಿಣವಾದರೂ ಅಗತ್ಯ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಒಂದು ಅಂಕ ತಪ್ಪಾಗಿ ಕೂಡಿಸಿದರೆ ಮಗುವಿನ ಸೌಲಭ್ಯವೇ ಕೈತಪ್ಪಬಹುದು. ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವುದಕ್ಕೆ 1992ರ ಕಾಯ್ದೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ದಂಡದ ಮೊತ್ತ ನಗೆ ತರಿಸುತ್ತದೆಯೆಂಬುದು ಬೇರೆ ಮಾತು.

ಹಾಗಾದರೆ ಆಪ್ತ ಸಮಾಲೋಚಕರ ಪಾಡೇನು? 2021ರವರೆಗೆ ಅವರಿಗೆಂದು ಕಾನೂನೇ ಇರಲಿಲ್ಲ; ಯಾರು ಬೇಕಾದರೂ ಫಲಕ ತೂಗುಹಾಕಬಹುದಿತ್ತು. ಆ ವರ್ಷ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ಅಡಿಯಲ್ಲಿ ಮನಃಶಾಸ್ತ್ರಜ್ಞರೂ ಸಮಾಲೋಚಕರೂ ಇದ್ದಾರೆ. ಪುನರ್ವಸತಿ ಪರಿಷತ್ತಿನ ವ್ಯಾಪ್ತಿಯಲ್ಲಿರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಮಾತ್ರ ಹೊರಗಿಡಲಾಗಿದೆ. ಹೀಗೆ ದಾರಿಗಳು ಎರಡಾದವು. ಒಂದರಲ್ಲಿ ದಿಲ್ಲಿಯ ಪರಿಷತ್ತಿನ ರಿಜಿಸ್ಟರು, ಇನ್ನೊಂದರಲ್ಲಿ ರಾಜ್ಯ ಪರಿಷತ್ತಿನ ರಿಜಿಸ್ಟರು. ಒಂದರ ಪ್ರಮಾಣಪತ್ರ ಇನ್ನೊಂದರ ಬಾಗಿಲು ತೆರೆಯದು.

ಇಲ್ಲೊಂದು ಗೊಂದಲವನ್ನು ಬಿಡಿಸಲೇಬೇಕು. ಈ ಕಾಯ್ದೆಯಲ್ಲಿ 2,000 ಮತ್ತು 3,600 ಗಂಟೆಗಳೆಂಬ ಎರಡು ಸಂಖ್ಯೆಗಳಿವೆ. ಅನೇಕರು ಇದನ್ನು ಕೆಲಸದ ಅನುಭವದ ಗಂಟೆಗಳೆಂದು ತಿಳಿದಿದ್ದಾರೆ. ಅಲ್ಲ. ಅಲೈಡ್ ವೃತ್ತಿಪರರ ಕೋರ್ಸು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆ, ಹೆಲ್ತ್‌ಕೇರ್ ವೃತ್ತಿಪರರ ಪದವಿ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆ ನಡೆದಿರಬೇಕು ಎಂಬುದಷ್ಟೇ ಅದರ ಅರ್ಥ. ಪ್ರಮಾಣಪತ್ರ ಮಾರುವವರು ಈ ಸಂಖ್ಯೆಗಳನ್ನು ತೋರಿಸಿ 'ಇಷ್ಟು ಗಂಟೆ ತುಂಬಿಸಿಕೊಳ್ಳಿ' ಎಂದರೆ ನಂಬಬಾರದು.

ನಮ್ಮ ಭಾಗಕ್ಕೆ ಬಿದ್ದ ನಿಜವಾದ ಪೆಟ್ಟು ಬೇರೆಡೆಯಿದೆ. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಃಶಾಸ್ತ್ರವೂ ಸೇರಿದಂತೆ ಈ ಕಾಯ್ದೆಯ ಕೋರ್ಸ್‌ಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಆದೇಶಿಸಿತು. ಮನೆಬಿಟ್ಟು ಹೋಗಲಾಗದ ಮುದ್ದೇಬಿಹಾಳದ ವಿವಾಹಿತ ಹೆಣ್ಣುಮಗಳಿಗೆ ಇದ್ದ ದಾರಿಯೇ ಅದಾಗಿತ್ತು. ಅತ್ತ ಎಂ.ಫಿಲ್. ಪದವಿಯನ್ನೇ ರದ್ದುಪಡಿಸಿದ ಆಯೋಗವು, ಕ್ಲಿನಿಕಲ್ ಸೈಕಾಲಜಿಗೆ 2025-26ರ ಸಾಲಿನವರೆಗೆ ಮಾತ್ರ ವಿನಾಯಿತಿ ನೀಡಿತ್ತು. ಮುಂದಿನವರು ಸೈ.ಡಿ. ಮುಂತಾದ ಪರಿಷತ್ತಿನ ಇತರ ಕೋರ್ಸ್‌ಗಳತ್ತ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಇರಲಿ, ಧಾರವಾಡದ ಡಿಮ್ಹಾನ್ಸ್ ಇರಲಿ, ಸಿಂದಗಿಯಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ಮಗಳನ್ನು ವರ್ಷಗಟ್ಟಲೆ ಹಾಸ್ಟೆಲಿನಲ್ಲಿಡಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಎಷ್ಟಿವೆಯೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಗಂಟೆಗಳನ್ನು ಅಗ್ಗವಾಗಿಸಿ ಎಂಬುದಲ್ಲ. ತರಬೇತಿಯ ಒಂದು ಭಾಗವನ್ನು ತಾಲೂಕು ಆಸ್ಪತ್ರೆಗಳಿಗೆ ತನ್ನಿ ಎಂಬುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಗೂ ಅವಕಾಶವಿದೆ. ಆ ಹುದ್ದೆ ಭರ್ತಿಯಾಗಿ, ಅವರ ಕೈಕೆಳಗೆ ಮನ್ನಣೆಯಿರುವ ಕೋರ್ಸಿನ ವಿದ್ಯಾರ್ಥಿಗಳು ಕೆಲವು ತಿಂಗಳು ಇಂಡಿಯಲ್ಲೋ ಬಾಗೇವಾಡಿಯಲ್ಲೋ ಕೆಲಸ ಮಾಡಿದರೆ, ಆ ಗಂಟೆಗೆ ಸಾಕ್ಷಿಯೂ ಇರುತ್ತದೆ, ರೋಗಿಗೆ ಬಸ್ಸಿನ ಖರ್ಚೂ ಉಳಿಯುತ್ತದೆ. ಹುದ್ದೆ ಖಾಲಿಯಿದ್ದರೆ ಇದಾವುದೂ ಆಗದು.

ಅದಾಗುವವರೆಗೆ, ಹಣ ಕಟ್ಟುವ ಮೊದಲು ಹೆತ್ತವರು ಸಂಸ್ಥೆಯಿಂದ ಪುನರ್ವಸತಿ ಪರಿಷತ್ತಿನ ಮನ್ನಣೆ ಪತ್ರವನ್ನು ಕೇಳಿ ಪಡೆಯಲಿ. ಮನ್ನಣೆ ಶಾಶ್ವತವಲ್ಲ, ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ಸಾಲುಗಳಿಗೆ, ನಿರ್ದಿಷ್ಟ ಸೀಟುಗಳಿಗೆ ಸಿಗುವಂತಹದು. ಮಗಳು ಸೇರುವ ಸಾಲು ಆ ಪತ್ರದಲ್ಲಿದೆಯೇ ಎಂದು ನೋಡಬೇಕು. ಮೇಲ್ವಿಚಾರಕರ ರಿಜಿಸ್ಟರ್ ಸಂಖ್ಯೆಯನ್ನು ಕೇಳಿ, ಪರಿಷತ್ತಿನ ದಾಖಲೆಯಲ್ಲಿ ಹೋಲಿಸಬೇಕು. ಸಂಖ್ಯೆ ಕೇಳಿದೊಡನೆ ಮಾತು ಬದಲಿಸುವ ಸಂಸ್ಥೆಯಾದರೆ, ಕಟ್ಟಲು ತಂದ ಹಣವನ್ನು ಹಿಂದಕ್ಕೆ ಒಯ್ಯಬಹುದು.