ಲಿಂಕ್ ಕಳಿಸಿದರೆ ಊರಿನ ಸರ್ವೆ ಆಗುವುದಿಲ್ಲ

ನಿಮ್ಮ ಊರಿನ ವಾಟ್ಸಾಪ್ ಗುಂಪಿಗೂ ಇಂಥ ಲಿಂಕ್ ಬಂದಿರಬಹುದು: 'ನಲ್ಲಿ ನೀರು ಸರಿಯಾಗಿ ಬರುತ್ತಿದೆಯೇ? ಎರಡೇ ನಿಮಿಷ, ಉತ್ತರಿಸಿ.' ವಾರ ಕಳೆದ ಮೇಲೆ 'ಶೇ. 85 ಜನ ತೃಪ್ತರು' ಎಂಬ ಸುದ್ದಿ ಬರುತ್ತದೆ. ಇದನ್ನು ಜನಾಭಿಪ್ರಾಯ ಎಂದು ಕರೆಯುವುದನ್ನು ನಾವು ಒಪ್ಪುವುದಿಲ್ಲ.

ಒಂದು ಲೆಕ್ಕ ಹಾಕೋಣ. ಊರಲ್ಲಿ 1,200 ಮನೆ ಇವೆ ಎಂದುಕೊಳ್ಳಿ. ಟ್ಯಾಂಕಿನ ಹತ್ತಿರದ 900 ಮನೆಗಳಲ್ಲಿ 810ಕ್ಕೆ ನೀರು ಸರಿಯಾಗಿ ಬರುತ್ತದೆ. ಪೈಪಿನ ಕೊನೆಯಲ್ಲಿರುವ ಕಾಲೊನಿಯ 300 ಮನೆಗಳಲ್ಲಿ 30ಕ್ಕೆ ಮಾತ್ರ. ಒಟ್ಟು 840 ಮನೆ, ಅಂದರೆ ಶೇ. 70. ಈಗ ಲಿಂಕಿಗೆ 300 ಉತ್ತರ ಬಂದವು. 280 ಟ್ಯಾಂಕಿನ ಕಡೆಯವರದ್ದು, 20 ಕಾಲೊನಿಯವರದ್ದು. ಎರಡೂ ಕಡೆ ಎಲ್ಲರೂ ನಿಜವನ್ನೇ ಹೇಳಿದರು. ಆದರೂ 'ಬರುತ್ತದೆ' ಎಂದವರು 254 ಜನ, ಸುಮಾರು ಶೇ. 85. ಯಾರೂ ಸುಳ್ಳು ಹೇಳಲಿಲ್ಲ, ಆದರೆ ಲೆಕ್ಕ ಸುಳ್ಳಾಯಿತು. ಇದೇ ಅನುಪಾತದಲ್ಲಿ 600 ಉತ್ತರ ಬಂದರೂ ಶೇ. 85ರಲ್ಲೇ ನಿಲ್ಲುತ್ತದೆ.

ಹೆಚ್ಚು ಜನ ಉತ್ತರಿಸಿದರೆ ಸಾಕು ಎನ್ನುವವರಿಗೆ 1936ರ ಅಮೆರಿಕದ ಪಾಠವಿದೆ. 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು; 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಹೆಸರುಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು.

ಹಾಗಾದರೆ ಫೋನ್ ಮಾಡಬಹುದಲ್ಲ ಎನ್ನುತ್ತೀರಿ. ಫೋನ್ ಅಗ್ಗ ನಿಜ. ಆದರೆ ಯಾರ ನಂಬರ್? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ಸುಮಾರು 47 ಜನರ ಬಳಿ. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದವರು ಸುಮಾರು 25. ಕೊಡ ಹೊರುವವಳು ಅವಳು, ಫೋನ್ ಎತ್ತುವವನು ಗಂಡ. 'ನೀರು ಬರುತ್ತೆ ಬಿಡಿ' ಎಂದು ಅವನು ಹೇಳಿದರೆ ಅದೇ ಆ ಮನೆಯ ಉತ್ತರ. ಒಟಿಪಿ ಮೋಸದ ಭಯದಲ್ಲಿ ಗೊತ್ತಿಲ್ಲದ ನಂಬರ್ ಎತ್ತದವರು ಬೇರೆ.

ಉಳಿದದ್ದು ಮನೆಗೆ ಹೋಗುವುದು. ಅದೇ ಊರಲ್ಲಿ ಹತ್ತು ಮನೆಗೊಂದರಂತೆ 120 ಮನೆ ಸಾಕು. ಮೊದಲ ಮನೆ 1ರಿಂದ 10ರೊಳಗೆ ಯಾವುದೆಂದು ಚೀಟಿ ಎತ್ತಿ ತೀರ್ಮಾನಿಸಿ. ಬೀದಿ ಹಿಡಿದು ಎಣಿಸುತ್ತಾ ಹೋದರೆ ಕಾಲೊನಿಯ 30 ಮನೆ ತಾವಾಗಿಯೇ ಒಳಗೆ ಬರುತ್ತವೆ. ಇಬ್ಬರು ತಲಾ ದಿನಕ್ಕೆ 15 ಮನೆ ಮಾಡಿದರೆ ನಾಲ್ಕು ದಿನದ ಕೆಲಸ. ಒಬ್ಬರಿಗೆ ದಿನಕ್ಕೆ 600 ರೂಪಾಯಿ ಕೊಟ್ಟರೆ ಖರ್ಚು 4,800. ಪುಕ್ಕಟೆಯ 300 ಉತ್ತರಗಳಿಗಿಂತ ಈ 120 ಉತ್ತರ ಸತ್ಯಕ್ಕೆ ಹತ್ತಿರ.

ಆದರೆ ಮನೆಗೆ ಹೋದ ಮಾತ್ರಕ್ಕೆ ಸರ್ವೆ ಸರಿಯಾಗುವುದಿಲ್ಲ. ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುವ ಚಾಳಿ ಇದೆ. ಹಗಲು ಬೀಗ ಇರುವುದು ಕೂಲಿಗೆ ಹೋದವರ ಮನೆಗೆ. ಹೀಗೆ ಅವರೇ ಲೆಕ್ಕದಿಂದ ಜಾರುತ್ತಾರೆ. ಬೆಳಗ್ಗೆ, ಸಂಜೆ, ಇನ್ನೊಂದು ದಿನ ಎಂದು ಮೂರು ಸಲ ಹೋಗಬೇಕು. ಮರದ ಕೆಳಗೆ ಕೂತು ಫಾರಂ ತುಂಬುವವರೂ ಇದ್ದಾರೆ. 120ರಲ್ಲಿ 12 ಮನೆಗೆ ಬೇರೆಯವರು ಫೋನ್ ಮಾಡಿ 'ನಿಮ್ಮನ್ನು ಕೇಳಲು ಯಾರಾದರೂ ಬಂದಿದ್ದರಾ?' ಎಂದರೆ ಬಣ್ಣ ಬಯಲಾಗುತ್ತದೆ. ಇನ್ನು ಪಂಚಾಯ್ತಿ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ ನೀರಿನ ದೂರು ಕೇಳಿದರೆ ಯಾರು ಬಾಯಿ ಬಿಡುತ್ತಾರೆ? ಕುಡಿತ, ಸಾಲ, ಮನೆಯೊಳಗಿನ ಹೊಡೆತದಂಥ ಪ್ರಶ್ನೆಗಳಿಗೆ ಎದುರಿನ ಮುಖವೇ ಅಡ್ಡ. ಅವನ್ನು ಒಬ್ಬರೇ ಇರುವಾಗ ಕೇಳಬೇಕು, ಇಲ್ಲವೇ ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಡಬ್ಬಕ್ಕೆ ಹಾಕಿಸಬೇಕು.

ಲಿಂಕೇ ಬೇಡ ಎಂದು ನಾವು ಹೇಳುತ್ತಿಲ್ಲ. ಒಂದು ಕಾಲೇಜಿನ ಕೊನೆ ವರ್ಷದ ಎಲ್ಲ ವಿದ್ಯಾರ್ಥಿಗಳ ಪಟ್ಟಿ ಇದ್ದು, ಎಲ್ಲರಲ್ಲೂ ಫೋನ್ ಇದ್ದರೆ ಲಿಂಕ್ ಕಳಿಸಿ, ಉತ್ತರಿಸದವರನ್ನು ಹುಡುಕಿ ಕೇಳಿ. ಊರಿನ ಸರ್ವೆಯಲ್ಲಿ ಮೊದಲ ಸಲ ಮನೆಗೆ ಹೋಗಿ, ನೀರು ತರುವವರದ್ದೇ ನಂಬರ್ ಪಡೆಯಿರಿ. ಮುಂದಿನ ತಿಂಗಳು 'ಈ ವಾರ ಎಷ್ಟು ದಿನ ನೀರು ಬಂತು?' ಎಂದು ಆ ನಂಬರಿಗೆ ಫೋನಿನಲ್ಲೇ ಕೇಳಬಹುದು. ಫೋನ್ ಇಲ್ಲದ ಮನೆಗೆ ಮತ್ತೆ ನಡೆಯಬೇಕು.

ಮುಂದಿನ ಸಲ ಯಾರಾದರೂ 'ಶೇ. ಇಷ್ಟು ಜನ' ಎಂದರೆ ನೀವು ಮೂರು ಪ್ರಶ್ನೆ ಕೇಳಿ. ಯಾವ ಪಟ್ಟಿಯಿಂದ ಆರಿಸಿದಿರಿ? ಆರಿಸಿದವರಲ್ಲಿ ಎಷ್ಟು ಜನ ಸಿಗಲಿಲ್ಲ? ಪೈಪಿನ ಕೊನೆಯ ಮನೆಯಲ್ಲಿ ಯಾರನ್ನು ಮಾತಾಡಿಸಿದಿರಿ? ಉತ್ತರ ಬರದಿದ್ದರೆ ಆ ಶೇಕಡಾವಾರು ಲೆಕ್ಕವನ್ನು ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಏರಿಸಲು ಬಿಡಬೇಡಿ.